ಬಾಡಿಗೆ ಮನೆಗೆ ಲೋಡ್ ಜಾಸ್ತಿ ಮಾಡಿಸ್ತೀರಾ? ‘ಅರ್ಧ ಅರ್ಧ’ ಅನ್ನೋ ಮಾತಿಗೆ ಒಪ್ಪಬೇಡಿ

ಬಾಡಿಗೆ ಮನೆಗೆ ಎಸಿ ಹಾಕಿಸಬೇಕು, ಅದಕ್ಕೆ ಮೀಟರ್‌ನ ಲೋಡ್ ಏರಿಸಬೇಕು, ಇನ್ವರ್ಟರ್ ಇಡಬೇಕು ಅಂತ ಇರುವವರು ಓನರ್ ಹತ್ತಿರ ಮಾತಾಡುವ ಮುಂಚೆ ಇದನ್ನು ಓದಿಕೊಳ್ಳಿ. ನಮ್ಮ ಹಳೇ ಓನರ್ ಅಂಕಲ್ ಕೇಳಿದ ತಕ್ಷಣ ಒಪ್ಪಿದ್ದರು. "ಮಾಡಿಸ್ಕೊಳ್ಳಿ, ಖರ್ಚು ಅರ್ಧ ಅರ್ಧ ಹಾಕ್ಕೊಳ್ಳೋಣ" ಅಂದಿದ್ದರು. ಕೊನೆಗೆ ಮನೆ ಖಾಲಿ ಮಾಡುವಾಗ ಹದಿನೇಳೂವರೆ ಸಾವಿರ ರೂಪಾಯಿ ನಮ್ಮ ಕೈಬಿಟ್ಟಿತು. ಅವರೇನು ಕೆಟ್ಟವರಲ್ಲ. ಅವರು ಮುರಿದುಕೊಂಡ ದುಡ್ಡಿನಲ್ಲಿ ಒಂದು ಭಾಗಕ್ಕೆ ನ್ಯಾಯವೂ ಇತ್ತು. ತೊಂದರೆ ಇದ್ದದ್ದು ಆ ‘ಅರ್ಧ ಅರ್ಧ’ದಲ್ಲೇ.

ಮನೆ ಬೆಂಗಳೂರಿನ ಹಳೇ ಬಡಾವಣೆಯದು. ಮೊದಲು ಒಂದೇ ಮನೆಯಾಗಿದ್ದದ್ದನ್ನು ಆಮೇಲೆ ಎರಡು ಮಾಡಿ, ಮೇಲಿನದಕ್ಕೆ ಬೇರೆ ಮೀಟರ್ ಹಾಕಿಸಿದ್ದರು. ಕೆಳಗೆ ಓನರ್, ಮೇಲೆ ನಾವು. ನಮ್ಮ ಮೀಟರ್‌ಗೆ ಮಂಜೂರಾಗಿದ್ದ ಲೋಡ್, ಅಂದರೆ ಒಟ್ಟಿಗೆ ಎಳೆಯಬಹುದಾದ ಕರೆಂಟ್, 2 ಕಿಲೋವ್ಯಾಟ್. ಗೀಸರ್ ಒಂದೇ 2 ಕಿಲೋವ್ಯಾಟ್ ಎಳೆಯುತ್ತೆ. ಅದರ ಮೇಲೆ ಒಂದೂವರೆ ಟನ್ ಎಸಿ ಬಂತು, ಸುಮಾರು ಒಂದೂವರೆ ಕಿಲೋವ್ಯಾಟ್. ಬಿಲ್‌ನಲ್ಲಿ ಎಂಡಿ ಅಂತ ಒಂದು ಸಾಲು ಇರುತ್ತಲ್ಲ, ಆ ತಿಂಗಳು ಎಳೆದ ಅತಿ ಹೆಚ್ಚಿನ ಲೋಡ್, ಅಲ್ಲಿ 2.8 ಅಂತ ಬರೋಕೆ ಶುರುವಾಯಿತು. ಮಂಜೂರಾದದ್ದಕ್ಕಿಂತ ಜಾಸ್ತಿ ದಾಖಲಾದರೆ ಆ ಹೆಚ್ಚಿನ ಭಾಗಕ್ಕೆ ದಂಡ ಬೀಳುತ್ತೆ. ಹಾಗಾಗಿ ಲೋಡ್ ಏರಿಸೋಣ ಅಂತ ಮಾತು ಬಂತು.

ಈ ಎಂಡಿ ಬಗ್ಗೆ ಒಂದು ವಿಷಯ ತಿಳಿದಿರಲಿ. ಅದು ಒಂದು ಕ್ಷಣದ ಲೆಕ್ಕ ಅಲ್ಲ. ಮೀಟರ್ ಕಾಲು ಗಂಟೆ ಅಥವಾ ಅರ್ಧ ಗಂಟೆಯ ಸರಾಸರಿ ತೆಗೆದು, ತಿಂಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಬಂದದ್ದನ್ನು ಇಟ್ಟುಕೊಳ್ಳುತ್ತೆ. ಮಿಕ್ಸಿ ಎರಡು ನಿಮಿಷ ಓಡಿದರೆ ಅದಕ್ಕೆ ಲೆಕ್ಕವೇ ಇಲ್ಲ. ಎಸಿ ಓಡುತ್ತಿರುವಾಗಲೇ ಗೀಸರ್ ಹಾಕಿ ಮರೆತರೆ ಮಾತ್ರ ಸಿಕ್ಕಿಬೀಳುತ್ತೀರಿ. ಇವೆರಡನ್ನೂ ಒಟ್ಟಿಗೆ ಹಾಕದೆ ಇದ್ದರೆ ಎಷ್ಟೋ ಮನೆಗಳಲ್ಲಿ ಎಂಡಿ ತಾನಾಗಿಯೇ ಇಳಿಯುತ್ತೆ. ಮೊದಲು ಎರಡು ಬಿಲ್ ಹಾಗೆ ನೋಡಿ, ಆಮೇಲೆ ಓನರ್ ಬಾಗಿಲು ತಟ್ಟಿ.

ನಮ್ಮಲ್ಲಿ ಬಂದ ಗುತ್ತಿಗೆದಾರ "ಮಾಡಿಸೋದೇ ಆದ್ರೆ 4 ಮಾಡಿಸಿಬಿಡಿ ಸಾರ್" ಅಂದ. ಎಂಡಿ 2.8 ಇರುವ ಮನೆಗೆ 3 ಸಾಕಿತ್ತು. ಇದು ದೊಡ್ಡ ವ್ಯತ್ಯಾಸ, ಯಾಕೆಂದರೆ ನಿಗದಿತ ಶುಲ್ಕ ಕಿಲೋವ್ಯಾಟ್ ಲೆಕ್ಕದಲ್ಲಿ ಪ್ರತಿ ತಿಂಗಳು ಬರುತ್ತೆ, ಕರೆಂಟ್ ಉರಿಸಿದರೂ ಉರಿಸದಿದ್ದರೂ. 2025-26ರ ದರದಲ್ಲಿ ಮನೆಗಳಿಗೆ ಕಿಲೋವ್ಯಾಟ್‌ಗೆ 145 ರೂಪಾಯಿ. 2 ಕಿಲೋವ್ಯಾಟ್‌ಗೆ 290 ಆದರೆ 4ಕ್ಕೆ 580. ವರ್ಷಕ್ಕೆ 3,480 ರೂಪಾಯಿ ಹೆಚ್ಚು. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ನೋಡಿ ಅಭ್ಯಾಸ ಆದವರಿಗೆ ಈ ಶುಲ್ಕ ಕಣ್ಣಿಗೇ ಬಿದ್ದಿರುವುದಿಲ್ಲ. ಎಸಿ ಬಂದು 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಬರುತ್ತೆ, ಅವತ್ತು ಕಾಣುತ್ತೆ.

ಗುತ್ತಿಗೆದಾರ ಕೊಟ್ಟ ಚೀಟಿಯಲ್ಲಿ ಇದ್ದದ್ದು ಒಂದೇ ಸಾಲು: "ಲೋಡ್ ಎಕ್ಸ್‌ಟೆನ್ಷನ್, ಒಟ್ಟು 18,000". ಅದರಲ್ಲಿ ಬೆಸ್ಕಾಂ ಕಚೇರಿಗೆ ಕಟ್ಟಿದ ಡೆಪಾಸಿಟ್ ಎಷ್ಟು, ಶುಲ್ಕ ಎಷ್ಟು, ತಂತಿ ಎಷ್ಟು, ಕೂಲಿ ಎಷ್ಟು, ಏನೂ ಬರೆದಿರಲಿಲ್ಲ. ಕರೆಂಟ್ ಸಂಪರ್ಕದ ಆರ್‌ಆರ್ ನಂಬರ್ ಓನರ್ ಹೆಸರಲ್ಲಿರುತ್ತೆ, ಅರ್ಜಿಗೆ ಅವರದೇ ಸಹಿ, ರಸೀದಿಯೂ ಅವರ ಹೆಸರಿಗೇ. ದುಡ್ಡು ಮಾತ್ರ ನಾನು ಕೊಟ್ಟೆ. ಅವರ ಪಾಲಿನ 9,000 ಮುಂದಿನ ಬಾಡಿಗೆಗಳಲ್ಲಿ ಮುರಿದುಕೊಳ್ಳುವುದು ಅಂತ ಮಾತಾಗಿತ್ತು. ಬರವಣಿಗೆಯಲ್ಲಿ ಇದ್ದದ್ದು ವಾಟ್ಸಾಪ್‌ನಲ್ಲಿ ಅಂಕಲ್ ಹಾಕಿದ ಒಂದು ಹೆಬ್ಬೆರಳು.

ಅದೇ ವಾರ ಇನ್ವರ್ಟರ್ ಕೂಡ ಬಂತು. ಅಲ್ಲಿಂದ ಕೆಟ್ಟಿತು.

ಲೋಡ್ ಕೆಲಸದ ಜೊತೆಗೇ ಅಂಕಲ್ ತಮ್ಮ ಕೆಳಗಿನ ಬೋರ್ಡ್‌ಗೂ ಒಂದು ಆರ್‌ಸಿಸಿಬಿ ಹಾಕಿಸಿಕೊಂಡಿದ್ದರು. ಒಳ್ಳೇ ಕೆಲಸವೇ. ಹೋಗುವ ಕರೆಂಟ್‌ಗೂ ವಾಪಸ್ ಬರುವ ಕರೆಂಟ್‌ಗೂ 30 ಮಿಲಿ ಆಂಪ್‌ನಷ್ಟು ವ್ಯತ್ಯಾಸ ಬಂದರೆ ಸಾಕು, ಅದು ಬಿದ್ದುಬಿಡುತ್ತೆ, ಕರೆಂಟ್ ಕಡಿದು ಜೀವ ಉಳಿಸುತ್ತೆ. ಆದರೆ ಸಂಜೆಯಾದರೆ ಸಾಕು, ಕೆಳಗೆ ಟಪ್ ಅಂತ ಬೀಳೋದು, ಆಂಟಿ ಕತ್ತಲೆಯಲ್ಲಿ ನಿಂತು ಮೇಲೆ ಕೂಗೋದು. "ನಿಮ್ಮ ಇನ್ವರ್ಟರ್ ಬಂದಮೇಲೇ ಇದೆಲ್ಲ" ಅಂತ ಅಂಕಲ್ ತೀರ್ಪು ಕೊಟ್ಟರು. ಎರಡೂ ಒಂದೇ ವಾರ ಬಂದಿದ್ದರಿಂದ ಹಾಗೆ ಅನಿಸೋದು ಸಹಜ.

ಇನ್ವರ್ಟರ್‌ನ ಸಂಪರ್ಕ ಪೂರ್ತಿ ತೆಗೆದು, ಮೊದಲಿನ ಹಾಗೆ ನೇರ ಲೈನ್ ಕೊಟ್ಟು ನೋಡಿದೆವು. ಆಗಲೂ ನಮ್ಮ ಹಾಲ್‌ನ ಫ್ಯಾನ್ ಹಾಕಿದರೆ ಕೆಳಗಿನದು ಬೀಳುತ್ತಿತ್ತು. ಇನ್ನೊಂದು ಗುರುತೂ ಇತ್ತು. ನಮ್ಮ ಮೀಟರ್‌ನಲ್ಲಿ ಅರ್ತ್ ಲೋಡ್ ತೋರಿಸುವ ಸಣ್ಣ ಕೆಂಪು ದೀಪ ಫ್ಯಾನ್ ಹಾಕಿದಾಗ ಹತ್ತುತ್ತಿತ್ತು, ತೆಗೆದರೆ ಆರುತ್ತಿತ್ತು. ಫೇಸ್‌ನಲ್ಲಿ ಹೋದ ಕರೆಂಟ್ ಅದೇ ಮೀಟರ್‌ನ ನ್ಯೂಟ್ರಲ್‌ನಲ್ಲಿ ವಾಪಸ್ ಬರದಿದ್ದರೆ ಆ ದೀಪ ಹತ್ತುತ್ತೆ. ಅಂದರೆ ಒಂದು ಮನೆಯನ್ನು ಎರಡು ಮಾಡಿದಾಗ ನಮ್ಮ ಹಾಲ್‌ಗೆ ಫೇಸ್ ಮಾತ್ರ ಮೇಲಿನ ಮೀಟರ್‌ನಿಂದ ಕೊಟ್ಟು, ನ್ಯೂಟ್ರಲ್ ಹಳೇದೇ ಬಿಟ್ಟಿದ್ದರು. ಅದು ಕೆಳಗಿನ ಬೋರ್ಡ್‌ಗೆ ಹೋಗುತ್ತಿತ್ತು. ಅಷ್ಟು ವರ್ಷ ಆರ್‌ಸಿಸಿಬಿ ಇರಲಿಲ್ಲ, ಯಾರಿಗೂ ಗೊತ್ತಾಗಿರಲಿಲ್ಲ. ಎಲೆಕ್ಟ್ರಿಷಿಯನ್ ಹಾಲ್‌ಗೆ ನಮ್ಮ ಬೋರ್ಡ್‌ನಿಂದಲೇ ಹೊಸ ನ್ಯೂಟ್ರಲ್ ಎಳೆದ. ಅಲ್ಲಿಗೆ ನಿಂತಿತು. ಗೋಡೆ ಕೊರೆದದ್ದು ಆ ತಂತಿಗೆ. ಆದರೆ ಅಂಕಲ್ ಮನಸ್ಸಿನಲ್ಲಿ ಅದು ಇವತ್ತಿಗೂ ಇನ್ವರ್ಟರ್ ರಂಪಾಟವೇ.

ಖಾಲಿ ಮಾಡುವ ದಿನ ಲೆಕ್ಕ ಹೀಗಾಯಿತು. ಅವರ ಪಾಲಿನ 9,000 ಬರಲಿಲ್ಲ. "ಎಸಿ ನಿಮ್ಮದು, ನನಗ್ಯಾಕೆ ಲೋಡ್" ಅಂದರು. ಗೋಡೆ, ಬಣ್ಣಕ್ಕೆ ಅಂತ ಅಡ್ವಾನ್ಸ್‌ನಲ್ಲಿ 5,000 ಮುರಿದರು. ನಿಗದಿತ ಶುಲ್ಕದ ಒಂದು ವರ್ಷದ ಹೆಚ್ಚಳ ಅಂತ 3,480 ಮುರಿದರು. ಕೊನೆಯದರಲ್ಲಿ ನನಗೆ ತಕರಾರಿಲ್ಲ. ನಾವು ಹೋದ ಮೇಲೆ ಮನೆ ಖಾಲಿ ಬಿದ್ದಿದ್ದರೂ ಆ ಶುಲ್ಕ ಅವರೇ ಕಟ್ಟಬೇಕಲ್ವಾ. ಆದರೆ ನಾನು ಕಟ್ಟಿದ ಡೆಪಾಸಿಟ್ ಅವರ ಖಾತೆಯಲ್ಲೇ ಕೂತಿದೆ, ಅದರ ಬಡ್ಡಿ ಅವರ ಬಿಲ್‌ಗೇ ಜಮಾ ಆಗುತ್ತೆ. ಅದರ ಮಾತೇ ಬರಲಿಲ್ಲ.

ಹಾಗಾಗಿ ಒಟ್ಟು ಮೊತ್ತವನ್ನು ಅರ್ಧ ಮಾಡಬೇಡಿ. ಆ ಒಂದು ಮೊತ್ತದಲ್ಲಿ ಬೇರೆ ಬೇರೆ ಜಾತಿಯ ದುಡ್ಡು ಇದೆ. ಡೆಪಾಸಿಟ್ ಓನರ್ ಖಾತೆಯಲ್ಲಿ ಉಳಿಯುತ್ತೆ, ಆದ್ದರಿಂದ ಅದು ಅವರದು. ಮೇನ್ ತಂತಿ, ಎಂಸಿಬಿ ಮನೆಯಲ್ಲಿ ಉಳಿಯುತ್ತೆ, ನೀವು ಇರುವಷ್ಟು ದಿನ ನಿಮಗೂ ಉಪಯೋಗ. ಇನ್ವರ್ಟರ್, ಬ್ಯಾಟರಿ ನಿಮ್ಮ ಜೊತೆ ಬರುತ್ತೆ. ತಿಂಗಳ ಶುಲ್ಕ ನೀವು ಹೋದ ಮೇಲೂ ನಿಲ್ಲುವುದಿಲ್ಲ. ಒಂದೊಂದಕ್ಕೂ ಬೇರೆ ಬೇರೆ ಉತ್ತರ ಬೇಕು.

ಇನ್ನೊಂದು, ಲೋಡ್ ಮತ್ತು ಇನ್ವರ್ಟರ್ ಒಟ್ಟಿಗೆ ಕೇಳಬೇಡಿ. ಇನ್ವರ್ಟರ್‌ಗೆ ಲೋಡ್ ಏರಿಸುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. 150 ಎಎಚ್ ಬ್ಯಾಟರಿಯ ಮನೆ ಇನ್ವರ್ಟರ್ ಚಾರ್ಜ್ ಆಗುವಾಗ ಎಳೆಯುವುದು ಹೆಚ್ಚುಕಡಿಮೆ ಇನ್ನೂರು ವ್ಯಾಟ್, ಎರಡು ಮೂರು ಫ್ಯಾನ್‌ನಷ್ಟು. ಓನರ್‌ಗಳಿಗೆ ಇದು ಗೊತ್ತಿರುವುದಿಲ್ಲ. ಎರಡನ್ನೂ ಒಟ್ಟಿಗೆ ಕೇಳಿದರೆ "ಇವರು ಏನೋ ದೊಡ್ಡದಾಗಿ ಹೊರಟಿದ್ದಾರೆ" ಅಂತ ಹೆದರುತ್ತಾರೆ, ಆಮೇಲೆ ಏನೇ ಕೆಟ್ಟರೂ ಒಂದರ ತಪ್ಪು ಇನ್ನೊಂದರ ತಲೆಗೆ.

ಈಗಿನ ಮನೆಯ ಓನರ್ ಆಂಟಿಗೆ ನಾನು ಕಳಿಸಿದ್ದು ಇದು. ಬೇಕಾದವರು ಬದಲಾಯಿಸಿ ಉಪಯೋಗಿಸಿಕೊಳ್ಳಿ.

"ಆಂಟಿ, ನಮಸ್ಕಾರ. ನಮ್ಮ ಮೀಟರ್‌ಗೆ 2 ಕಿಲೋವ್ಯಾಟ್ ಮಂಜೂರಾಗಿದೆ, ಬಿಲ್‌ನಲ್ಲಿ ಎಂಡಿ 2.7 ಬರ್ತಿದೆ. ಬಿಲ್ ಫೋಟೋ ಕಳಿಸಿದ್ದೀನಿ, ನೋಡಿ. 3ಕ್ಕೆ ಏರಿಸೋಕೆ ನಿಮ್ಮ ಒಪ್ಪಿಗೆ ಬೇಕು. ಕಚೇರಿಗೆ ಕಟ್ಟೋ ಡೆಪಾಸಿಟ್ ನಿಮ್ಮ ಹೆಸರಲ್ಲೇ ಇರುತ್ತೆ; ಈಗ ನಾನು ಕಟ್ಟಿ, ಬಾಡಿಗೆಯಲ್ಲಿ ಎರಡು ಕಂತಲ್ಲಿ ಮುರ್ಕೊಳ್ಳಲಾ? ಅರ್ಜಿ ಶುಲ್ಕ ನನ್ನದು. ಮೇನ್ ತಂತಿ, ಎಂಸಿಬಿ ಇಬ್ಬರಿಗೂ ಅರ್ಧ, ನಾನು ಹೋಗುವಾಗ ನನ್ನ ಅರ್ಧ ವಾಪಸ್ ಕೇಳಲ್ಲ. ಎಸಿ ಪಾಯಿಂಟ್ ಪೂರ್ತಿ ನನ್ನ ಖರ್ಚು, ಇಲ್ಲೇ ಬಿಟ್ಟು ಹೋಗ್ತೀನಿ. ತಿಂಗಳಿಗೆ ಹೆಚ್ಚಾಗೋ 145 ರೂಪಾಯಿ ನಾನಿರೋವರೆಗೂ ಬಿಲ್‌ನಲ್ಲಿ ನಾನೇ ಕಟ್ತೀನಿ. ಖಾಲಿ ಮಾಡುವಾಗ ನಿಮಗೆ ಬೇಡ ಅನಿಸಿದರೆ ಲೋಡ್ ಇಳಿಸೋ ಅರ್ಜಿಯ ಖರ್ಚೂ ನನ್ನದೇ. ಇಷ್ಟಕ್ಕೆ ಒಪ್ಪಿದ್ರೆ ಅಗ್ರಿಮೆಂಟ್ ಜೊತೆ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕೋಣ."

ಆಂಟಿ ಎರಡು ಬದಲಾವಣೆ ಕೇಳಿದರು. ಕೆಲಸ ತಮಗೆ ಗೊತ್ತಿರುವ, ಲೈಸೆನ್ಸ್ ಇರುವವರೇ ಮಾಡಬೇಕು ಅಂದರು. ಬಿಲ್ ಬಿಡಿಬಿಡಿಯಾಗಿ ಬರೆದು ಕೊಡುವುದಾದರೆ ಸರಿ ಅಂದೆ. 145 ಅಂತ ಬರೆಯಬೇಡಿ, ದರ ಏರಿದರೆ ಅಂತ ಕೇಳಿದರು. ಅದೂ ಸರಿಯೇ. "ಆಗಿನ ದರದಲ್ಲಿ ಒಂದು ಕಿಲೋವ್ಯಾಟ್‌ನ ನಿಗದಿತ ಶುಲ್ಕ" ಅಂತ ಬದಲಾಯಿಸಿದೆವು.

ಇನ್ವರ್ಟರ್ ಮಾತನ್ನು ಆರು ತಿಂಗಳು ಬಿಟ್ಟು ಎತ್ತಿದೆ. ಗೋಡೆ ಕೊರೆಯಲ್ಲ, ಕೇಸಿಂಗ್‌ನಲ್ಲೇ ತಂತಿ, ಬ್ಯಾಟರಿ ಗಾಳಿಯಾಡುವ ಕಡೆ ಟ್ರಾಲಿ ಮೇಲೆ, ಹೋಗುವಾಗ ಎಲ್ಲ ಬಿಚ್ಚಿಕೊಂಡು ಹೋಗ್ತೀನಿ ಅಂದೆ. ಅದಕ್ಕೂ ಮುಂಚೆ ಎಲೆಕ್ಟ್ರಿಷಿಯನ್‌ನ ಕರೆಸಿ, ಒಂದೊಂದೇ ರೂಮಿನ ಸ್ವಿಚ್ ಹಾಕಿ ಮೀಟರ್‌ನ ಆ ಕೆಂಪು ದೀಪ ನೋಡಿಸಿದೆ. ಹತ್ತಿದರೆ ಆ ಹಳೇ ವೈರಿಂಗ್ ಸರಿ ಮಾಡಿಸುವುದು ಓನರ್ ಖರ್ಚು, ಅದನ್ನು ಇನ್ವರ್ಟರ್ ಬರುವ ಮುಂಚೆಯೇ ಮಾತಾಡಿಕೊಳ್ಳಬೇಕು.

ಓನರ್ ಒಪ್ಪದಿದ್ದರೆ ಎರಡೂ ಕಡೆ ಪಿನ್ ಇರುವ ವೈರ್ ಮಾಡಿಸಿ ಇನ್ವರ್ಟರ್‌ನಿಂದ ಗೋಡೆಯ ಸಾಕೆಟ್‌ಗೆ ಕರೆಂಟ್ ತುಂಬಿಸುವ ಕೆಲಸಕ್ಕೆ ಮಾತ್ರ ಕೈ ಹಾಕಬೇಡಿ. ಸಾಕೆಟ್‌ನಿಂದ ಕಿತ್ತ ಆ ಪಿನ್‌ನಲ್ಲಿ 230 ವೋಲ್ಟ್ ಇರುತ್ತೆ, ಮೇನ್ ಆಫ್ ಮಾಡಲು ಮರೆತರೆ ಕಂಬ ಹತ್ತಿದ ಲೈನ್‌ಮನ್‌ಗೂ ಅದೇ ಕರೆಂಟ್. ಇನ್ವರ್ಟರ್ ಹಿಂದಿನ ಸಾಕೆಟ್‌ಗೆ ಒಂದು ಎಕ್ಸ್‌ಟೆನ್ಷನ್ ಬೋರ್ಡ್ ಹಾಕಿ, ಟೇಬಲ್ ಫ್ಯಾನ್, ವೈಫೈ, ಲ್ಯಾಪ್‌ಟಾಪ್ ಅದಕ್ಕೇ ಚುಚ್ಚಿಕೊಳ್ಳಿ. ಗೋಡೆಯ ವೈರಿಂಗ್ ಮುಟ್ಟದೆ ಅಷ್ಟು ನಡೆಯುತ್ತೆ.