ಗಿಗಾಬಿಟ್ ನೆಟ್‌ವರ್ಕ್ ತೆವಳುತ್ತಿದೆಯೇ? ಕೇಬಲ್, ಸ್ವಿಚ್, ಡಿಸ್ಕ್: ಯಾವುದನ್ನು ಬದಲಿಸಿದರೆ ಫಲ?

20 ಜಿಬಿಯ ಒಂದೇ ವಿಡಿಯೋ ಫೈಲನ್ನು ಒಂದು ಪಿಸಿಯಿಂದ ಇನ್ನೊಂದಕ್ಕೆ ಕಾಪಿ ಮಾಡಿ ನೋಡಿ. ಗಿಗಾಬಿಟ್ ಲೆಕ್ಕದಲ್ಲಿ ಸೆಕೆಂಡಿಗೆ 125 ಎಂಬಿ ಬರಬೇಕು. ಪ್ಯಾಕೆಟ್ ಹೆಡರ್‌ಗಳ ಪಾಲು ಕಳೆದ ಮೇಲೆ ವಿಂಡೋಸ್‌ನ ಕಾಪಿ ಕಿಟಕಿಯಲ್ಲಿ ಕಾಣುವುದು ಸುಮಾರು 113. ಅಂದರೆ ಮೂರು ನಿಮಿಷದ ಕೆಲಸ. ಅದೇ ಫೈಲ್ ಅರ್ಧ ಗಂಟೆ ತೆಗೆದುಕೊಂಡರೆ ಹೆಚ್ಚಿನವರು ಮೊದಲು ಕ್ಯಾಟ್ 6 ಕೇಬಲ್ ಕೊಳ್ಳಲು ಹೊರಡುತ್ತಾರೆ. ದುಡ್ಡು ಬಿಚ್ಚುವ ಮುಂಚೆ ಡಿಸ್ಕನ್ನು ಪಕ್ಕಕ್ಕಿಟ್ಟು ತಂತಿಯನ್ನಷ್ಟೇ ಅಳೆಯಿರಿ. ನೆಟ್‌ವರ್ಕ್ ವೇಗ ಅಳೆಯುವ iperf3 ಪ್ರೋಗ್ರಾಂ ಅನ್ನು ಎರಡೂ ಪಿಸಿಗಳಲ್ಲಿ ಹಾಕಿಕೊಳ್ಳಿ. ಫೈಲ್ ಹೋಗಬೇಕಾದ ಪಿಸಿಯಲ್ಲಿ ಮೊದಲ ಸಾಲು, ಕಳಿಸುವ ಪಿಸಿಯಲ್ಲಿ ಉಳಿದೆರಡು:

```
iperf3 -s
iperf3 -c 192.168.1.10 -t 30
iperf3 -c 192.168.1.10 -t 30 -R
```

ಐಪಿ ವಿಳಾಸದ ಜಾಗದಲ್ಲಿ ಫೈಲ್ ಹೋಗಬೇಕಾದ ಪಿಸಿಯ ವಿಳಾಸ ಹಾಕಿ. `-R` ಇದ್ದರೆ ಡೇಟಾ ಎದುರು ದಿಕ್ಕಿನಲ್ಲಿ ಹರಿಯುತ್ತದೆ. ಎರಡೂ ಕಡೆ 940 Mbits/sec ಆಸುಪಾಸು ಬಂದರೆ ಕೇಬಲ್, ಸ್ವಿಚ್, ಪೋರ್ಟ್ ಮೂರೂ ಸರಿಯಿವೆ. 94 ಬಂದರೆ ನಡುವೆ ಎಲ್ಲೋ ಒಂದು ಕಡೆ 100 ಎಂಬಿಪಿಎಸ್ ಲಿಂಕ್ ಇದೆ.

94 ಬಂದಾಗ ಕೇಬಲ್ ಮತ್ತು ಪೋರ್ಟ್ ಎರಡರ ಮೇಲೂ ಅನುಮಾನ ಪಡಬೇಕು. 100ರ ವೇಗಕ್ಕೆ ಎರಡು ಜೋಡಿ ತಂತಿ ಸಾಕು: ಪಿನ್ 1, 2, 3, 6. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ಹಾಗಾಗಿ ಕಂದು ಜೋಡಿಯ ಒಂದು ಎಳೆ, ಅಂದರೆ 7 ಅಥವಾ 8ನೇ ಪಿನ್, ಸರಿಯಾಗಿ ಕ್ರಿಂಪ್ ಆಗದಿದ್ದರೂ ಇಂಟರ್ನೆಟ್ ನಡೆಯುತ್ತಲೇ ಇರುತ್ತದೆ, ಲಿಂಕ್ ಮಾತ್ರ 100ಕ್ಕೆ ಇಳಿದಿರುತ್ತದೆ. ಕೆಲವು ಕಾರ್ಡುಗಳು ಹೀಗೆ ಇಳಿಯದೆ ಲಿಂಕನ್ನೇ ಕಳೆದುಕೊಂಡು ಮತ್ತೆ ಮತ್ತೆ ಹಿಡಿಯಲು ನೋಡುತ್ತವೆ. ಆಗ ಪೋರ್ಟ್ ದೀಪ ಆರಿ ಹತ್ತುತ್ತಿರುತ್ತದೆ. ಪವರ್‌ಶೆಲ್‌ನಲ್ಲಿ `Get-NetAdapter` ಕೊಟ್ಟು LinkSpeed ನೋಡಿ. ಚೆನ್ನಾಗಿದೆ ಎಂದು ಗೊತ್ತಿರುವ ಗಿಡ್ಡ ಪ್ಯಾಚ್ ಕೇಬಲ್ ಹಾಕಿದ ಕೂಡಲೇ ಅದು 1 Gbps ಆದರೆ ತಪ್ಪು ಹಳೆಯ ಕೇಬಲ್ಲಿನದೇ. ಬಹಳಷ್ಟು ಸಲ ಎರಡೂ ತುದಿಯ ಕನೆಕ್ಟರ್ ಕತ್ತರಿಸಿ ಹೊಸದು ಕ್ರಿಂಪ್ ಮಾಡಿದರೆ ಸಾಕು.

ಕ್ಯಾಟ್ 5ಇ ತೆಗೆದು ಕ್ಯಾಟ್ 6 ಹಾಕಿದರೆ? ಗಿಗಾಬಿಟ್‌ನಲ್ಲಿ ಏನೂ ವ್ಯತ್ಯಾಸವಾಗದು. ಒಳ್ಳೆಯ 5ಇ ಕೇಬಲ್ 100 ಮೀಟರ್‌ವರೆಗೆ ಪೂರ್ತಿ ವೇಗ ಕೊಡುತ್ತದೆ. ಗಮನ ಕೊಡಬೇಕಾದ್ದು ಲೋಹಕ್ಕೆ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಕೇಬಲ್ ಅಗ್ಗ, ಆದರೆ ಎಳೆ ಬೇಗ ಮುರಿಯುತ್ತದೆ, ರೋಧವೂ ಹೆಚ್ಚು. ಎಳೆಯ ಸಿಪ್ಪೆ ಸುಲಿದು ಬ್ಲೇಡಿನಿಂದ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಅದನ್ನು ಗೋಡೆಯೊಳಗೆ ಎಳೆಯಬೇಡಿ.

ಕೇಬಲ್ ಬದಲಿಸಿದರೂ 94 ಉಳಿದರೆ ಪೋರ್ಟ್ ನೋಡಿ. ಎಷ್ಟೋ ರೌಟರ್‌ಗಳ ವೈಫೈ ಗಿಗಾಬಿಟ್ ದಾಟಿದ ಅಂಕಿ ಹೇಳಿಕೊಂಡರೂ ಹಿಂದಿನ ಲ್ಯಾನ್ ಪೋರ್ಟ್‌ಗಳು 10/100 ಮಾತ್ರ. ಇದಕ್ಕೆ ಇಡೀ ರೌಟರ್ ಬದಲಿಸಬೇಕಿಲ್ಲ. ಐದು ಪೋರ್ಟಿನ ಸಾದಾ ಗಿಗಾಬಿಟ್ ಸ್ವಿಚ್ ತಂದು ಎರಡೂ ಪಿಸಿಗಳನ್ನು ಅದಕ್ಕೇ ಜೋಡಿಸಿ, ಅಲ್ಲಿಂದ ಒಂದು ಕೇಬಲ್ ರೌಟರ್‌ಗೆ ಕೊಡಿ. ಪಿಸಿಗಳ ನಡುವಿನ ಡೇಟಾ ರೌಟರ್ ಮುಟ್ಟದೆ ಸ್ವಿಚ್‌ನೊಳಗೇ ತಿರುಗುತ್ತದೆ. 100ರ ಮಿತಿ ಇಂಟರ್ನೆಟ್‌ಗೆ ಮಾತ್ರ ಉಳಿಯುತ್ತದೆ. ನಮ್ಮ ಮಟ್ಟಿಗೆ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಫಲ ಕೊಡುವ ಬದಲಾವಣೆ ಇದೇ.

iperf3 940 ತೋರಿಸಿಯೂ ಕಾಪಿ ನಿಧಾನವಾದರೆ ಡಿಸ್ಕಿನ ಕಡೆ ತಿರುಗಬೇಕು. ಕಾಪಿ ಕಿಟಕಿಯಲ್ಲಿ "ಹೆಚ್ಚಿನ ವಿವರ" ತೆರೆದು ಹಸಿರು ಗ್ರಾಫ್ ಗಮನಿಸಿ. ಮೊದಲ ಕೆಲವು ಜಿಬಿ 113ರಲ್ಲಿ ಸಪಾಟಾಗಿ ಓಡಿ ಆಮೇಲೆ ಧಡಕ್ಕನೆ ಬಿದ್ದರೆ, ಆರಂಭದ ಓಟ RAM ಅಥವಾ ಡಿಸ್ಕಿನ ಕ್ಯಾಶ್‌ನದು. ಅದು ತುಂಬಿದ ಮೇಲೆ ಕಾಣುವುದೇ ಡಿಸ್ಕಿನ ನಿಜವಾದ ಬರೆಯುವ ವೇಗ. ಯುಎಸ್‌ಬಿ 2.0 ಪೋರ್ಟಿಗೆ ಹಾಕಿದ ಡ್ರೈವ್ 35ರಿಂದ 40 ಎಂಬಿಗೆ ನಿಲ್ಲುತ್ತದೆ, ಅದನ್ನು 3.0 ಪೋರ್ಟಿಗೆ ಬದಲಿಸಿದರೆ ಸಾಕು. ಲ್ಯಾಪ್‌ಟಾಪಿನ 5400 ಆರ್‌ಪಿಎಂ ಹಾರ್ಡ್ ಡಿಸ್ಕ್ ಖಾಲಿಯಿದ್ದಾಗ 100ರ ಸುತ್ತ ಬರೆದರೂ ತುಂಬುತ್ತಾ ಬಂದಂತೆ ಅದರ ಅರ್ಧಕ್ಕೆ ಇಳಿಯುತ್ತದೆ, ಏಕೆಂದರೆ ತಟ್ಟೆಯ ಒಳಸುತ್ತುಗಳಲ್ಲಿ ಪ್ರತಿ ತಿರುಗುವಿಕೆಗೆ ಕಡಿಮೆ ಡೇಟಾ ಹಿಡಿಯುತ್ತದೆ. ಅದರ ಜಾಗಕ್ಕೆ ಸಾದಾ ಸಾಟಾ ಎಸ್‌ಎಸ್‌ಡಿ ಹಾಕಿದರೆ ಗ್ರಾಫ್ ಸಾಮಾನ್ಯವಾಗಿ ಕೊನೆಯವರೆಗೆ 113ರಲ್ಲೇ ಓಡುತ್ತದೆ. ಇಲ್ಲಿಗೆ ತಲುಪಿದ ಮೇಲಷ್ಟೇ 2.5 ಗಿಗಾಬಿಟ್ ಕಾರ್ಡ್ ಯೋಚಿಸಿ.

ಸಾವಿರಾರು ಸಣ್ಣ ಫೋಟೋಗಳಿರುವ ಫೋಲ್ಡರ್ ಇದಾವುದಕ್ಕೂ ಜಗ್ಗುವುದಿಲ್ಲ. ಪ್ರತಿ ಫೈಲಿಗೂ ತೆರೆ, ಬರೆ, ಮುಚ್ಚು ಎಂದು ಎರಡು ಪಿಸಿಗಳ ನಡುವೆ ಮಾತುಕತೆ ನಡೆಯಬೇಕು, ತಂತಿ ಹೆಚ್ಚು ಹೊತ್ತು ಖಾಲಿಯೇ ಇರುತ್ತದೆ. ಎರಡೂ ಕಡೆ ಎಸ್‌ಎಸ್‌ಡಿ ಇದ್ದರೆ ಒಟ್ಟಿಗೆ ಹದಿನಾರು ಫೈಲ್ ಕಳಿಸಿ:

```
robocopy D:\Photos \\192.168.1.10\share /E /MT:16
```

ಹಾರ್ಡ್ ಡಿಸ್ಕ್ ಆದರೆ ಇದೇ ಆಜ್ಞೆ ಹೆಡ್ಡನ್ನು ಅತ್ತಿಂದಿತ್ತ ಓಡಿಸಿ ಇನ್ನೂ ನಿಧಾನ ಮಾಡಬಹುದು. ಅಲ್ಲಿ ಫೋಲ್ಡರನ್ನು ಒಂದೇ ಜಿಪ್ ಫೈಲ್ ಮಾಡಿ ಕಳಿಸುವುದು ಲೇಸು. ಫೋಟೋಗಳು ಮೊದಲೇ ಕುಗ್ಗಿಸಿದವು, ಆದ್ದರಿಂದ ಕಂಪ್ರೆಷನ್ ಇಲ್ಲದ ಜಿಪ್ ಆರಿಸಿಕೊಳ್ಳಿ.