ಒಂದು ಗಾಳಿ ಅಳೆಯುತ್ತದೆ, ಇನ್ನೊಂದು ಸುತ್ತು ಎಣಿಸುತ್ತದೆ: ಮೂರು ಮಳೆಗಾಲ ಎರಡು ಬಗೆಯ ಟಿಪಿಎಂಎಸ್ ಜೊತೆ

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯಲ್ಲಿ ಮೇಗರವಳ್ಳಿಯ ಹತ್ತಿರ ಒಳಕ್ಕೆ ತಿರುಗಿ ಮೂರು ಕಿಲೋಮೀಟರ್ ಜಲ್ಲಿ ರಸ್ತೆ ಹತ್ತಿಳಿದರೆ ನಮ್ಮ ಮನೆ. ಅಂಗಳದಲ್ಲಿ ಎರಡು ಗಾಡಿ. ಎರಡರಲ್ಲೂ ಟಿಪಿಎಂಎಸ್, ಅಂದರೆ ಟೈರಿನ ಗಾಳಿ ಇಳಿದರೆ ಎಚ್ಚರಿಸುವ ವ್ಯವಸ್ಥೆ, ಇದೆ. ಹೆಂಡತಿ ಓಡಿಸುವ ಸಣ್ಣ ಕಾರಿನಲ್ಲಿ ಕಂಪನಿಯಿಂದಲೇ ಬಂದ ಇನ್‌ಡೈರೆಕ್ಟ್ ಬಗೆಯದು. ನಾನು ತೋಟಕ್ಕೂ ಪೇಟೆಗೂ ಓಡಿಸುವ ಹಳೇ ಜೀಪಿಗೆ ಆನ್‌ಲೈನಿನಲ್ಲಿ ತರಿಸಿದ ಡೈರೆಕ್ಟ್ ಕಿಟ್ ಹಾಕಿದ್ದೇನೆ. ವಾಲ್ವಿನ ಮೇಲೆ ತಿರುಪುವ ನಾಲ್ಕು ಕ್ಯಾಪ್ ಸೆನ್ಸರ್, ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಚಾರ್ಜ್ ಆಗುವ ಪುಟ್ಟ ಪರದೆ, ಅಷ್ಟೇ. ಬಿಸಿಲಿಗೆ ಚಾರ್ಜ್ ಆಗುತ್ತದೆ ಅಂತ ಡಬ್ಬಿಯ ಮೇಲೆ ಬರೆದವರು ನಮ್ಮೂರಿನ ಜುಲೈ ನೋಡಿರಲಿಕ್ಕಿಲ್ಲ. ಮಳೆಗಾಲ ಪೂರ್ತಿ ಅದಕ್ಕೆ ಚಾರ್ಜರ್ ವಯರು ಸಿಕ್ಕಿಸಿಯೇ ಇಡಬೇಕು.

ಎರಡೂ ಗಾಡಿಗೆ ತಣ್ಣಗಿದ್ದಾಗ 33 ಪಿಎಸ್‌ಐ ಗಾಳಿ ಇಡುತ್ತೇನೆ. ಎರಡರ ಕೆಲಸವೂ ಒಂದೇ, ಗಾಳಿ ಇಳಿದರೆ ಹೇಳಬೇಕು. ಆದರೆ ಮೂರು ವರ್ಷದಲ್ಲಿ ಇವೆರಡೂ ಒಂದೇ ದಿನ ಒಂದೇ ಮಾತು ಹೇಳಿದ್ದು ನನಗೆ ನೆನಪಿಲ್ಲ.

ಮೊದಲು ಅನುಮಾನ ಬಂದಿದ್ದು ಒಂದು ಡಿಸೆಂಬರಿನಲ್ಲಿ. ಮದುವೆಯೊಂದಕ್ಕೆ ಎರಡೂ ಗಾಡಿ ಶಿವಮೊಗ್ಗಕ್ಕೆ ಹೋಗಿದ್ದವು. ಮಧ್ಯಾಹ್ನ ವಾಪಸ್ ಹೊರಡುವಾಗ ಪೆಟ್ರೋಲ್ ಬಂಕಿನಲ್ಲಿ ಎರಡಕ್ಕೂ ಸರಿಯಾಗಿ 33 ಹೊಡೆಸಿದೆ. ಮರುದಿನ ಬೆಳಿಗ್ಗೆ ಮಂಜು ಬಿದ್ದಿತ್ತು, ಜಗುಲಿಯ ಥರ್ಮಾಮೀಟರ್ 14 ಡಿಗ್ರಿ ತೋರಿಸುತ್ತಿತ್ತು. ಜೀಪು ಅಂಗಳ ದಾಟಿದ್ದೇ ತಡ, ಪರದೆ ಕೂಗತೊಡಗಿತು. ನಾಲ್ಕೂ ಚಕ್ರ 28. ನಾನು ಎಚ್ಚರಿಕೆಯ ಮಿತಿಯನ್ನು 29ಕ್ಕೆ ಇಟ್ಟಿದ್ದೆ. ರಾತ್ರಿ ಯಾರೋ ಗಾಳಿ ಬಿಟ್ಟರಾ ಅಂತಲೇ ಅನ್ನಿಸಿತು. ಹೆಂಡತಿಯ ಕಾರನ್ನು ಗೇಟಿನವರೆಗೆ ಓಡಿಸಿ ನೋಡಿದರೆ ಒಂದು ದೀಪವೂ ಇಲ್ಲ. ಕೈಯಲ್ಲಿ ಹಿಡಿಯುವ ಗೇಜ್ ತಂದು ಒತ್ತಿದೆ. ಆ ಕಾರಿನ ನಾಲ್ಕೂ ಟೈರಿನಲ್ಲೂ 28 ಮಾತ್ರ!

ಯಾರೂ ಗಾಳಿ ಬಿಟ್ಟಿರಲಿಲ್ಲ. ಓಡಿ ಬಂದು ಬಿಸಿಯಾದ ಟೈರಿಗೆ ನಾನು 33 ಹೊಡೆಸಿದ್ದೇ ತಪ್ಪು. ಒಳಗಿನ ಗಾಳಿ ಆಗ 45 ಡಿಗ್ರಿ ಇತ್ತೆಂದುಕೊಳ್ಳಿ. ಗೇಜ್ ತೋರಿಸುವುದು ಹೊರಗಿನ ವಾತಾವರಣಕ್ಕಿಂತ ಎಷ್ಟು ಹೆಚ್ಚು ಎಂಬುದನ್ನು ಮಾತ್ರ, ಆದ್ದರಿಂದ ನಮ್ಮ ಎತ್ತರದ ವಾತಾವರಣದ ಒತ್ತಡ ಸುಮಾರು 13.7 ಸೇರಿಸಿದರೆ ನಿಜವಾದ ಒತ್ತಡ 46.7. ಅದು 45ರಿಂದ 14 ಡಿಗ್ರಿಗೆ ತಣಿದರೆ, ಕೆಲ್ವಿನ್ ಲೆಕ್ಕದಲ್ಲಿ 318ರಿಂದ 287ಕ್ಕೆ ಇಳಿದರೆ, ಒತ್ತಡವೂ ಅದೇ ಪ್ರಮಾಣದಲ್ಲಿ ಇಳಿದು 42ರ ಆಸುಪಾಸಿಗೆ ಬರುತ್ತದೆ. ವಾತಾವರಣದ್ದನ್ನು ಮತ್ತೆ ಕಳೆದರೆ ಉಳಿಯುವುದು 28 ಚಿಲ್ಲರೆ. ತೂತಿಲ್ಲದೆಯೇ ಸುಮಾರು ಐದು ಪಿಎಸ್‌ಐ ಹೋಯಿತು.

ಜೀಪಿನ ಸೆನ್ಸರ್ ಗಾಳಿಯನ್ನೇ ಮುಟ್ಟಿ ನೋಡುತ್ತದೆ. ಅದಕ್ಕೆ ಕಾರಣ ಬೇಕಿಲ್ಲ, ಮಿತಿಗಿಂತ ಕೆಳಗಿದ್ದರೆ ಕೂಗುತ್ತದೆ. ಇಪ್ಪತ್ತು ನಿಮಿಷ ಓಡಿಸಿದ ಮೇಲೆ ಟೈರು ಬಿಸಿಯಾಗಿ ಅಂಕಿ 30 ದಾಟಿತು, ತಾನೇ ಸುಮ್ಮನಾಯಿತು. ಇಲ್ಲೇ ಹಲವರು "ಸೆನ್ಸರ್ ಹಾಳು" ಎಂದು ಬೈಯುವುದು. ಸೆನ್ಸರ್ ಸರಿಯಾಗಿಯೇ ಇರುತ್ತದೆ, ತಣ್ಣಗಿರುವಾಗ ಗಾಳಿ ಕಡಿಮೆ ಇದ್ದದ್ದೂ ನಿಜವೇ.

ಕಾರು ಯಾಕೆ ಬಾಯಿಬಿಡಲಿಲ್ಲ? ಅದು ಗಾಳಿಯನ್ನು ನೋಡುವುದೇ ಇಲ್ಲ. ಎಬಿಎಸ್ ಬ್ರೇಕಿಗೆಂದು ಪ್ರತಿ ಚಕ್ರದ ಹತ್ತಿರವೂ ವೇಗದ ಸೆನ್ಸರ್ ಇರುತ್ತದಲ್ಲ, ಅದರಿಂದ ಯಾವ ಚಕ್ರ ಎಷ್ಟು ಸುತ್ತಿತು ಎಂದು ಎಣಿಸುತ್ತದೆ. ಗಾಳಿ ಇಳಿದ ಟೈರು ಒಂಚೂರು ಕುಗ್ಗುತ್ತದೆ, ಕುಗ್ಗಿದ್ದು ಅದೇ ದೂರಕ್ಕೆ ಒಂಚೂರು ಹೆಚ್ಚು ಸುತ್ತಬೇಕಾಗುತ್ತದೆ. ಆ ಹೆಚ್ಚಿನ ಸುತ್ತನ್ನು ಉಳಿದ ಮೂರರ ಜೊತೆ ಹೋಲಿಸಿ ಕಂಪ್ಯೂಟರ್ ಅನುಮಾನ ಪಡುತ್ತದೆ. ಆ ಚಳಿಯ ಬೆಳಿಗ್ಗೆ ನಾಲ್ಕೂ ಸಮನಾಗಿ ಕುಗ್ಗಿದ್ದವು, ಯಾರನ್ನು ಯಾರ ಜೊತೆ ಹೋಲಿಸುವುದು? ಟೈರಿನ ಕಂಪನವನ್ನೂ ಕೇಳಿ ನಾಲ್ಕೂ ಒಟ್ಟಿಗೆ ಇಳಿದದ್ದನ್ನು ಹಿಡಿಯುವ ಹೊಸ ಇನ್‌ಡೈರೆಕ್ಟ್ ವ್ಯವಸ್ಥೆಗಳಿವೆ, ನಮ್ಮದು ಆ ಜಾತಿಯದಲ್ಲ.

ಈ ಎಣಿಕೆ ಎಷ್ಟು ನಾಜೂಕಿನದು ಎಂದು ಒಮ್ಮೆ ಲೆಕ್ಕ ಹಾಕಿ ನೋಡಿದೆ. ಕಾರಿನ ಟೈರು 185/65 ಆರ್15, ಒಂದು ಸುತ್ತಿಗೆ ಹತ್ತಿರಹತ್ತಿರ 1.95 ಮೀಟರ್. ಅಂದರೆ ಕಿಲೋಮೀಟರಿಗೆ ಸುಮಾರು 512 ಸುತ್ತು. ರೇಡಿಯಲ್ ಟೈರಿನೊಳಗೆ ಉಕ್ಕಿನ ತಂತಿಯ ಪಟ್ಟಿ ಇರುವುದರಿಂದ ಗಾಳಿ ಕಾಲುಭಾಗ ಇಳಿದರೂ ಸುತ್ತಳತೆ ಬಹಳ ಬದಲಾಗುವುದಿಲ್ಲ, ಹೆಚ್ಚಾಗುವುದು ಕಿಲೋಮೀಟರಿಗೆ ಒಂದೆರಡು ಸುತ್ತು. ಈಗ ಆಗುಂಬೆ ಘಾಟಿಯ ಒಂದು ಹೇರ್‌ಪಿನ್ ತಿರುವು ನೋಡಿ. ಎಡ ಬಲ ಚಕ್ರಗಳ ನಡುವೆ ಒಂದೂವರೆ ಮೀಟರ್ ಅಂತರ. ಪೂರ್ತಿ ಹಿಂದಕ್ಕೆ ತಿರುಗಿದರೆ ಹೊರಗಿನ ಚಕ್ರ ಒಳಗಿನದಕ್ಕಿಂತ 4.7 ಮೀಟರ್ ಹೆಚ್ಚು ಓಡುತ್ತದೆ, ಅಂದರೆ ಎರಡೂವರೆ ಸುತ್ತಿನ ಹತ್ತಿರ. ಪಂಕ್ಚರ್ ಒಂದು ಕಿಲೋಮೀಟರಿನಲ್ಲಿ ಮಾಡುವ ವ್ಯತ್ಯಾಸಕ್ಕಿಂತ ದೊಡ್ಡದನ್ನು ಒಂದೇ ತಿರುವು ಮಾಡಿಬಿಡುತ್ತದೆ. ಅಂಥ ತಿರುವು ಆ ಘಾಟಿಯಲ್ಲಿ 14 ಇವೆ. ಜಲ್ಲಿಯ ಮೇಲೆ ಚಕ್ರ ಜಾರಿದರೂ, ಕೆಸರಿನಲ್ಲಿ ಸುಮ್ಮನೆ ತಿರುಗಿದರೂ ಇದೇ ಗೊಂದಲ. ಹಾಗಾಗಿ ಇಂಥ ಓಟವನ್ನು ಕಂಪ್ಯೂಟರ್ ಲೆಕ್ಕಕ್ಕೆ ತೆಗೆದುಕೊಳ್ಳದೆ ನೇರ, ನಿರಾಳ ರಸ್ತೆ ಸಿಗುವವರೆಗೆ ಕಾಯುತ್ತದೆ. ಮಲೆನಾಡಿನಲ್ಲಿ ಅದು ಕಾಯುವುದೇ ಹೆಚ್ಚು.

ಕಾದದ್ದು ಎಷ್ಟು ಎಂದು ಕಳೆದ ವರ್ಷ ಗೊತ್ತಾಯಿತು. ಅಡಿಕೆ ಚಪ್ಪರ ಬಿಚ್ಚುವ ಕಾಲ, ಅಂಗಳದ ತುಂಬಾ ಮೊಳೆ. ಹೆಂಡತಿ ಬೆಳಿಗ್ಗೆ ಶಿವಮೊಗ್ಗಕ್ಕೆ ಹೊರಟಳು. ಜಲ್ಲಿ ರಸ್ತೆಯಲ್ಲಿ ಸುದ್ದಿಯಿಲ್ಲ, ತೀರ್ಥಹಳ್ಳಿ ದಾಟಿದರೂ ಇಲ್ಲ, ಮಂಡಗದ್ದೆ ಕಳೆದು ರಸ್ತೆ ಸ್ವಲ್ಪ ನೆಟ್ಟಗಾದ ಮೇಲೆ ಹಳದಿ ದೀಪ ಹತ್ತಿತು. ಫೋನ್ ಮಾಡಿದಳು.

"ಕುದುರೆ ಲಾಳದ ಹಾಗೆ ಎಂಥದೋ ಬಂದಿದೆ, ನಡುವೆ ಆಶ್ಚರ್ಯಸೂಚಕ."

"ಯಾವ ಚಕ್ರ ಅಂತ ಹೇಳುತ್ತಾ?"

"ಇಲ್ಲ ಮಾರಾಯ್ರೆ, ಬರೀ ದೀಪ. ನಾನೇ ಇಳಿದು ಒದ್ದು ನೋಡಬೇಕಾ?"

ಒದ್ದರೆ ಗೊತ್ತಾಗುವುದಿಲ್ಲ. ಗಾಜನೂರಿನವರೆಗೆ ನಿಧಾನಕ್ಕೆ ಹೋಗಿ ಅಳತೆ ಮಾಡಿಸಿದಾಗ ಮೂರು ಟೈರಿನಲ್ಲಿ 33ರ ಮೇಲೆ, ಹಿಂದಿನ ಬಲಗಡೆಯದರಲ್ಲಿ 22. ಮೊಳೆ ಅಲ್ಲೇ ಇತ್ತು. ತಡವಾಯಿತೆಂದು ಕಂಪನಿಯನ್ನು ಬೈಯುವ ಹಾಗಿಲ್ಲ. ಅಮೆರಿಕದ ನಿಯಮವೇ ಗಾಳಿ ನಿಗದಿಗಿಂತ 25 ಶೇಕಡಾ ಇಳಿದ ಮೇಲೆ ಎಚ್ಚರಿಸಲು 20 ನಿಮಿಷದ ಅವಕಾಶ ಕೊಡುತ್ತದೆ. 33ರ ಟೈರಿಗೆ ಆ 25 ಶೇಕಡಾ ಎಂದರೆ 25 ಪಿಎಸ್‌ಐಗಿಂತ ಕೆಳಗೆ. ದೀಪ ಹತ್ತಿಲ್ಲ ಎಂದರೆ ಗಾಳಿ ಸರಿಯಿದೆ ಎಂದರ್ಥವಲ್ಲ.

ಇನ್‌ಡೈರೆಕ್ಟಿನ ನಿಜವಾದ ಅಪಾಯ ಮಾತ್ರ SET ಗುಂಡಿ. ಗಾಳಿ ತುಂಬಿಸಿದ ಮೇಲೆ, ಟೈರು ಬದಲಿಸಿದ ಮೇಲೆ, ಹಿಂದೆ ಮುಂದೆ ಮಾಡಿಸಿದ ಮೇಲೆ ಅದನ್ನು ಒತ್ತಿ ಹಿಡಿದು "ಇದೇ ಸರಿಯಾದ ಸ್ಥಿತಿ, ಕಲಿತುಕೋ" ಎಂದು ಹೇಳಬೇಕು. ಆಮೇಲಿನ ಓಟದಲ್ಲಿ ಅದು ಹೊಸ ಲೆಕ್ಕ ಕಲಿಯುತ್ತದೆ. ನಮ್ಮ ಭಾವ ಒಮ್ಮೆ ಕಾರು ತೆಗೆದುಕೊಂಡು ಹೋದವರು, ದೀಪ ಬಂತೆಂದು ಗಾಳಿ ಹೊಡೆಸದೆ ಆ ಗುಂಡಿ ಒತ್ತಿ ತಂದು ನಿಲ್ಲಿಸಿದರು. ದೀಪ ಹೋಯಿತಲ್ಲ, ಅವರ ಪಾಲಿಗೆ ರಿಪೇರಿ ಮುಗಿಯಿತು. ಕಾರು ಆ ಕುಗ್ಗಿದ ಚಕ್ರವನ್ನೇ ಸರಿ ಎಂದು ಕಲಿತುಬಿಟ್ಟಿತು. ವಾರದ ನಂತರ ನಾನು ಗೇಜ್ ಹಿಡಿದಾಗ ಮುಂದಿನ ಎಡ ಟೈರಿನಲ್ಲಿ 21, ಅಂಚಿನ ರಬ್ಬರು ಎರಡೂ ಬದಿ ಸವೆದು ನುಣ್ಣಗಾಗಿತ್ತು. ದೀಪ ಇಲ್ಲ.

ಇಷ್ಟು ಕೇಳಿ ಡೈರೆಕ್ಟೇ ಒಳ್ಳೆಯದು ಎನ್ನಬೇಡಿ, ಅದರ ಕಾಟ ಬೇರೆ. ಬ್ಯಾಟರಿ ಉಳಿಸಲು ಸೆನ್ಸರ್ ಗಾಡಿ ನಿಂತಾಗ ನಿದ್ದೆ ಹೋಗುತ್ತದೆ, ಚಕ್ರ ತಿರುಗಿದ ಮೇಲೆ ಎದ್ದು ಅಂಕಿ ಕಳಿಸುತ್ತದೆ. ಅಲ್ಲಿಯವರೆಗೆ ಪರದೆ ನಿನ್ನೆಯ ಅಂಕಿಯನ್ನೇ ತೋರಿಸುತ್ತಿರುತ್ತದೆ. ಒಂದು ಬೆಳಿಗ್ಗೆ ಕೀ ತಿರುಗಿಸಿದೆ, ನಾಲ್ಕೂ 32, 33. ಇಳಿದು ಗೇಟು ತೆಗೆಯಲು ಹೋಗಿ ತಿರುಗಿ ನೋಡಿದರೆ ಜೀಪು ಹಿಂದಿನ ಎಡಕ್ಕೆ ವಾಲಿ ನಿಂತಿದೆ, ರಿಮ್ಮು ನೆಲ ಮುಟ್ಟುವುದೊಂದು ಬಾಕಿ.

ಆ ಸಲ ಟೈರಿನಲ್ಲಿ ಮೊಳೆಯೂ ಇರಲಿಲ್ಲ. ಕ್ಯಾಪ್ ಸೆನ್ಸರ್ ವಾಲ್ವಿನ ಪಿನ್ ಒತ್ತಿ ಹಿಡಿದೇ ಒಳಗಿನ ಗಾಳಿಯನ್ನು ಓದುವುದು, ಅಂದರೆ ವಾಲ್ವು ಸದಾ ತೆರೆದೇ ಇರುತ್ತದೆ, ಗಾಳಿ ತಡೆಯುವುದು ಕ್ಯಾಪಿನೊಳಗಿನ ಸಣ್ಣ ರಬ್ಬರ್ ಉಂಗುರ ಮಾತ್ರ. ಅದಕ್ಕೆ ಕೆಸರಿನ ಕಣ ಸಿಕ್ಕಿಕೊಂಡಿತ್ತು. ಪಂಕ್ಚರ್ ಅಂಗಡಿಯವನು ಎಂಜಲು ಹಚ್ಚಿ ಗುಳ್ಳೆ ತೋರಿಸಿ ನಕ್ಕ. ಗಾಳಿ ಹೋಗಿದೆಯೋ ಎಂದು ನೋಡಲು ಹಾಕಿದ್ದೇ ಗಾಳಿ ಕಳೆದಿತ್ತು. ಈಗ ಕ್ಯಾಪ್ ತಿರುಪಿದಾಗಲೆಲ್ಲ ಸೋಪು ನೀರು ಬಿಟ್ಟು ನೋಡುತ್ತೇನೆ. ಬಟನ್ ಸೆಲ್ ಒಂದು ವರ್ಷ ಚಿಲ್ಲರೆ ಬಾಳುತ್ತದೆ, ಮುಗಿದಾಗ ಆ ಚಕ್ರದ ಜಾಗದಲ್ಲಿ ಬರೀ ಗೀಟು. ಕಾರ್ಖಾನೆಯಿಂದಲೇ ಟೈರಿನ ಒಳಗೆ ಸೆನ್ಸರ್ ಇರುವ ಗಾಡಿಗಳಿಗೆ ಉಂಗುರದ ಕಾಟವಿಲ್ಲ, ಆದರೆ ಟೈರು ಬಿಚ್ಚುವವನಿಗೆ ಮೊದಲೇ ಹೇಳಬೇಕು. ವಾಲ್ವಿನ ಪಕ್ಕವೇ ಸಲಾಕೆ ತೂರಿಸಿದರೆ ಸೆನ್ಸರ್ ಮುರಿಯುತ್ತದೆ.

ಹಾಗಿದ್ದರೂ ನಮ್ಮ ರಸ್ತೆಗೆ ನನ್ನ ಮತ ಡೈರೆಕ್ಟಿಗೇ. ಯಾವ ಚಕ್ರ, ಎಷ್ಟು ಎಂಬ ಅಂಕಿ ಸಿಕ್ಕರೆ ಮಳೆಯಲ್ಲಿ ನಾಲ್ಕೂ ಟೈರಿನ ಮುಂದೆ ಕೂರುವುದು ತಪ್ಪುತ್ತದೆ, ತಿರುವುಗಳ ನಡುವೆಯೂ ಅದು ಕಾಯುವುದಿಲ್ಲ. ಶಿವಮೊಗ್ಗದಲ್ಲೇ ಇದ್ದು ಹೆದ್ದಾರಿ ಓಡಾಟವೇ ಹೆಚ್ಚು ಎನ್ನುವವರಿಗೆ ಇನ್‌ಡೈರೆಕ್ಟ್ ಸಾಕು, ಬ್ಯಾಟರಿಯಿಲ್ಲ, ಕೆಡುವುದೂ ಕಡಿಮೆ. ತಿಂಗಳಿಗೊಮ್ಮೆ ಗೇಜ್ ಹಿಡಿಯಬೇಕು, SET ಒತ್ತುವುದು ಗಾಳಿ ತುಂಬಿಸಿದ ಮೇಲೆ ಮಾತ್ರ.

2020ರಲ್ಲಿ ಕೇಂದ್ರ ಸರ್ಕಾರ ನಿಯಮ ಬದಲಿಸಿ, ಟ್ಯೂಬ್‌ಲೆಸ್ ಟೈರು, ಟಿಪಿಎಂಎಸ್, ರಿಪೇರಿ ಕಿಟ್ ಇರುವ ಸಣ್ಣ ವಾಹನಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ ಎಂದಿತು. ನಾನಂತೂ ಸ್ಟೆಪ್ನಿ ಇಳಿಸಿಲ್ಲ. ಅದಕ್ಕೆ ಸೆನ್ಸರ್ ಇಲ್ಲ, ಅದರ ಗಾಳಿ ಎರಡೂ ಗಾಡಿಗೆ ಗೊತ್ತಾಗುವುದಿಲ್ಲ. ಮೊನ್ನೆ ನೋಡಿದಾಗ ಜೀಪಿನ ಸ್ಟೆಪ್ನಿಯಲ್ಲಿ 17 ಇತ್ತು.