ಎಐ ಕ್ಯಾಮೆರಾವೋ, ಸರ್ಕಲ್‌ನಲ್ಲಿ ಪೊಲೀಸರೋ?

ಕಲಬುರಗಿಯ ಪಟೇಲ್ ವೃತ್ತದಂಥ ಕಡೆ ಕೆಂಪುದೀಪ ದಾಟುವವರನ್ನು ಹಿಡಿಯಲು ಕ್ಯಾಮೆರಾನೇ ಸರಿ. ಅದಕ್ಕೆ ಹಗಲೂ ಒಂದೇ, ರಾತ್ರಿಯೂ ಒಂದೇ. ಸ್ಥಳದಲ್ಲಿ ವಶೀಲಿಯೂ ನಡೆಯದು. ಆದರೆ ಅದು ಓದುವುದು ನಂಬರ್ ಪ್ಲೇಟನ್ನು, ಸವಾರನನ್ನಲ್ಲ. ಬೈಕ್ ಮಾರಿ ಆರ್‌ಸಿ ವರ್ಗಾಯಿಸದಿದ್ದರೆ, ಕೊಂಡವನು ಹೆಲ್ಮೆಟ್ ಇಲ್ಲದೆ ಓಡಿಸಿದ್ದಕ್ಕೆ 500 ರೂಪಾಯಿ ದಂಡದ ನೋಟಿಸ್ ಮಾರಿದವನ ಮನೆಗೆ ಬರುತ್ತದೆ. ಧೂಳು ಮೆತ್ತಿದ ಪ್ಲೇಟಿನ 8 ಅದಕ್ಕೆ 3 ಆಗಿ ಕಾಣಬಹುದು. ಆದ್ದರಿಂದ ಸಿಬ್ಬಂದಿ ಪ್ರತಿ ಚಿತ್ರವನ್ನೂ ನೋಡಿ, ವಾಹನದ ಬಣ್ಣ, ಮಾದರಿಯನ್ನು ನೋಂದಣಿ ದಾಖಲೆಯೊಂದಿಗೆ ತಾಳೆ ಹಾಕಿದ ಮೇಲೆಯೇ ನೋಟಿಸ್ ಹೋಗಬೇಕು. ಕಾಗದದ ನೋಟಿಸ್ ತಲುಪಿಸಲು ನಿಯಮ ಕೊಟ್ಟಿರುವುದು 15 ದಿನ. ಇಷ್ಟು ಕೆಲಸಕ್ಕೆ ಜನರನ್ನು ನೇಮಿಸದ ಊರಿಗೆ ಕ್ಯಾಮೆರಾ ಬೇಡವೇ ಬೇಡ.

ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಇಕ್ಕಟ್ಟು, ಪ್ಲೇಟೇ ಇಲ್ಲದ ಗಾಡಿ, ಕುಡಿದ ಚಾಲಕ: ಇಲ್ಲಿ ಪೊಲೀಸರೇ ಬೇಕು. ಅವರು ಗಾಡಿಯನ್ನು ಅಲ್ಲೇ ನಿಲ್ಲಿಸಬಲ್ಲರು.